12 ಎಂಎಂ ಟಿಎಂಟಿ ಕಂಬಿಯಲ್ಲಿ ಕಲಬೆರಕೆ: 12 ಬಂಡಲ್ ವಾಪಸ್ ತೆಗೆದುಕೊಳ್ಳುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಮಾರಾಟ ವಿಭಾಗ

ಮಾನ್ಯರೇ,

ನಮ್ಮ ಮನೆ ಕಟ್ಟುವ ಕೆಲಸಕ್ಕೆ ನಿಮ್ಮಿಂದ 12 ಎಂಎಂ ಅಳತೆಯ ಎಫ್‌ಇ 500ಡಿ ಟಿಎಂಟಿ ಕಂಬಿಗಳನ್ನು ತರಿಸಿಕೊಂಡಿದ್ದೇವೆ. ಒಟ್ಟು 20 ಬಂಡಲ್, ಬಂಡಲ್‌ಗೆ 5ರಂತೆ 100 ಕಂಬಿ. ಎಲ್ಲವೂ ಒಂದೇ ಕಂಪನಿಯದ್ದು ಎಂದು ಇನ್‌ವಾಯ್ಸ್‌ನಲ್ಲಿ ಬರೆದಿದ್ದೀರಿ. ಬಂದಿರುವುದು ಹಾಗಿಲ್ಲ. ಲಾರಿಯ ಮೇಲಿನ ಸಾಲಿನಲ್ಲಿದ್ದ 8 ಬಂಡಲ್ ಅಸಲಿ ಮಾಲು. ಅದರ ಅಡಿಯಲ್ಲಿದ್ದ 12 ಬಂಡಲ್ ಬೇರೆ ಯಾವುದೋ ಮಿಲ್ಲಿನದ್ದು, ಕಳಪೆ ಮಾಲು. ಫೋನಿನಲ್ಲಿ ಹೇಳಿದಾಗ ನಿಮ್ಮವರು "ತೂಕ ಸರಿ ಇದೆ, ಟ್ಯಾಗ್ ಇದೆ, ಇನ್ನೇನು ಬೇಕು" ಎಂದರು. ಅದಕ್ಕೇ ಎಲ್ಲವನ್ನೂ ಬರೆದು ಕಳಿಸುತ್ತಿದ್ದೇನೆ.

ಮೊದಲು ಗುರುತಿನ ವಿಚಾರ. ಅಸಲಿ ಕಂಬಿಯ ಮೈಮೇಲೆ ಕಂಪನಿಯ ಹೆಸರು ಮತ್ತು ದರ್ಜೆ ಉಬ್ಬಿದ ಅಕ್ಷರದಲ್ಲಿ ಇರುತ್ತವೆ. ಕಂಬಿ ಕೆಂಪಗೆ ಕಾದಿರುವಾಗಲೇ ರೋಲರ್ ಅದನ್ನು ಒತ್ತುತ್ತದೆ, ಹಾಗಾಗಿ ಕಂಬಿಯ ಉದ್ದಕ್ಕೂ ಅದೇ ಗುರುತು ಮತ್ತೆ ಮತ್ತೆ ಬರುತ್ತದೆ. ಮೇಲಿನ 8 ಬಂಡಲ್‌ಗಳಲ್ಲಿ ಅದು ಸ್ಪಷ್ಟವಾಗಿದೆ. ಅಡಿಯ ಬಂಡಲ್‌ಗಳಲ್ಲಿ ಕೆಲವು ಕಂಬಿಗಳ ಮೇಲೆ ಒಂದು ಅಕ್ಷರವೂ ಇಲ್ಲ. ಉಳಿದವುಗಳ ಮೇಲೆ ಓದಲಾಗದ ಏನೋ ಗೀರು ಇದೆ. ಏಣುಗಳೂ ಸವೆದಂತೆ ತಗ್ಗಾಗಿವೆ, ಒಂದು ಕಡೆ ಎತ್ತರ, ಇನ್ನೊಂದು ಕಡೆ ಚಪ್ಪಟೆ. ಕಾಂಕ್ರೀಟು ಕಂಬಿಯನ್ನು ಹಿಡಿದುಕೊಳ್ಳುವುದೇ ಈ ಏಣುಗಳಿಂದ ಅಲ್ವಾ? ಆದರೂ ಟ್ಯಾಗ್ ಮಾತ್ರ ಎಲ್ಲ 20 ಬಂಡಲ್‌ಗೂ ಒಂದೇ. ಟ್ಯಾಗಿನಲ್ಲಿದ್ದ ಸಿಎಂ/ಎಲ್ ಎಂಬ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿದೆ. ನಂಬರ್ ಅಸಲಿಯೇ, ನೀವು ಹೇಳಿದ ಕಂಪನಿಯದ್ದೇ. ಆದರೆ ಟ್ಯಾಗ್ ಅನ್ನೋದು ತಂತಿಯಲ್ಲಿ ಕಟ್ಟುವ ವಸ್ತು. ಒಂದು ಬಂಡಲ್‌ನಿಂದ ಬಿಚ್ಚಿ ಇನ್ನೊಂದಕ್ಕೆ ಕಟ್ಟಬಹುದು. ಕಂಬಿಯ ಮೈಮೇಲಿನ ಅಕ್ಷರವನ್ನು ಹಾಗೆ ಕಟ್ಟಲು ಬರುವುದಿಲ್ಲ.

ಈಗ ತೂಕಕ್ಕೆ ಬರೋಣ. ನಿಮ್ಮ ಜೊತೆಗಿನ ತಕರಾರು ಇರುವುದೇ ಇಲ್ಲಿ.

12 ಎಂಎಂ ಕಂಬಿ ಒಂದು ಮೀಟರಿಗೆ 888 ಗ್ರಾಂ ತೂಗಬೇಕು. ಕಂಬಿಗಳ ಭಾರತೀಯ ಮಾನದಂಡವಾದ ಐಎಸ್ 1786 ಹೇಳುವುದು ಇದನ್ನೇ. ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಕೆಜಿಯಲ್ಲಿ ಹತ್ತಿರ ಹತ್ತಿರ ಇದೇ ಲೆಕ್ಕ ಸಿಗುತ್ತದೆ, ಸೈಟಿನಲ್ಲಿ ಎಲ್ಲರೂ ಹಾಗೇ ಹಾಕುತ್ತಾರೆ. ಈ ಅಳತೆಗೆ ಒಂದೊಂದು ಕಂಬಿಯ ತೂಕ ಶೇ. 6ಕ್ಕಿಂತ ಜಾಸ್ತಿ ಕಡಿಮೆ ಬರಬಾರದು, ಅಂದರೆ 835 ಗ್ರಾಂಗಿಂತ ಕೆಳಗೆ ಇಳಿಯಬಾರದು. ಇಡೀ ಬ್ಯಾಚಿನ ಸರಾಸರಿಯಾದರೆ ಶೇ. 5ರ ತನಕ ಹೆಚ್ಚು ಕಡಿಮೆ ಇರಬಹುದು. ಅಡಿಯ ಬೇರೆ ಬೇರೆ ಬಂಡಲ್‌ಗಳಿಂದ ಸರಿಯಾಗಿ ಒಂದು ಮೀಟರಿನ ತುಂಡುಗಳನ್ನು ಕತ್ತರಿಸಿ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟೆವು. 812 ಗ್ರಾಂನಿಂದ 825 ಗ್ರಾಂ ಒಳಗೆ ಬಂದವು, ಸರಾಸರಿ 818. ಒಂದು ತುಂಡೂ 835 ಮುಟ್ಟಲಿಲ್ಲ. ಮೇಲಿನ ಬಂಡಲ್‌ಗಳ ತುಂಡುಗಳನ್ನು ಅದೇ ತಕ್ಕಡಿಯಲ್ಲಿ ಇಟ್ಟಾಗ ಸರಾಸರಿ 888 ಬಂತು. ಹಾಗಾಗಿ ತಕ್ಕಡಿಯನ್ನು ದೂರಬೇಡಿ.

ನಿಮ್ಮವರು ಕೊಡುವ ಉತ್ತರ ವೇ ಬ್ರಿಜ್ ಚೀಟಿ. ಇನ್‌ವಾಯ್ಸ್ ಪ್ರಕಾರ 12 ಮೀಟರ್ ಉದ್ದದ 100 ಕಂಬಿಗೆ 1,066 ಕೆಜಿ, ಚೀಟಿಯಲ್ಲಿ 1,015 ಕೆಜಿ. ಶೇ. 4.8ರಷ್ಟು ಕಡಿಮೆ, ಶೇ. 5ರ ಒಳಗೇ ಇದೆ, ಹಾಗಾಗಿ ಮಾಲು ಸರಿ ಎನ್ನುತ್ತಾರೆ. ಈ ಲೆಕ್ಕ ನಿಲ್ಲುವುದಿಲ್ಲ. 40 ಕಂಬಿ ಸರಿಯಾದ ತೂಕದವು, 60 ಕಂಬಿ ಶೇ. 8ರಷ್ಟು ಕಡಿಮೆಯವು. ಎರಡನ್ನೂ ಸೇರಿಸಿ ತೂಗಿದ್ದರಿಂದ ಕೊರತೆ ಶೇ. 5ರ ಒಳಗೆ ಅಡಗಿಕೊಂಡಿದೆ. ಆ ರಿಯಾಯಿತಿ ಇರುವುದು ಒಂದೇ ಅಳತೆಯ, ಒಂದೇ ದರ್ಜೆಯ ಕಂಬಿಗಳ ಬ್ಯಾಚಿಗೆ. ಎರಡು ಮಿಲ್ಲಿನ ಮಾಲನ್ನು ಒಂದೇ ಲಾರಿಗೆ ಹಾಕಿ ಸರಾಸರಿ ತೆಗೆಯಲು ಅಲ್ಲ. ವೇ ಬ್ರಿಜ್ ಒಟ್ಟು ಲೋಡನ್ನು ತೂಗುತ್ತದೆ, ಕಂಬಿಯನ್ನಲ್ಲ. ಜೊತೆಗೆ ನೀವು ಬಿಲ್ ಮಾಡಿರುವುದು ಚೀಟಿಯ ತೂಕಕ್ಕೂ ಅಲ್ಲ, ಕಂಬಿ ಎಣಿಸಿ ಪುಸ್ತಕದ ತೂಕಕ್ಕೆ. ಹಾಗಾಗಿ ನನ್ನ ಕೈಗೇ ಬಾರದ 51 ಕೆಜಿ ಕಬ್ಬಿಣಕ್ಕೂ ದುಡ್ಡು ತೆಗೆದುಕೊಂಡಿದ್ದೀರಿ.

ನೋಡಲು ಬಂದ ನಿಮ್ಮ ಹುಡುಗ ವರ್ನಿಯರ್ ಹಿಡಿದು "ನೋಡಿ ಸಾರ್, 12ಕ್ಕಿಂತ ಜಾಸ್ತಿನೇ ಇದೆ" ಎಂದು ತೋರಿಸಿದ. ಅವನು ಅಳೆದದ್ದು ಏಣಿನಿಂದ ಏಣಿಗೆ. ಹಾಗೆ ಅಳೆದರೆ ಸೊರಗಿದ ಕಂಬಿಯೂ 12 ದಾಟುತ್ತದೆ. ಏಣುಗಳ ನಡುವೆ ಅಳೆದರೆ ಅಸಲಿ ಕಂಬಿಯೂ 12ಕ್ಕಿಂತ ಕಡಿಮೆ ತೋರಿಸುತ್ತದೆ. ಏಣಿರುವ ಕಂಬಿಯ ನಿಜವಾದ ದಪ್ಪ ತಿಳಿಯಬೇಕಾದರೆ ಮೀಟರಿನ ತೂಕದಿಂದಲೇ ಲೆಕ್ಕ ಹಾಕಬೇಕು. 818 ಗ್ರಾಂ ಅಂದರೆ ಅದು 11.5 ಎಂಎಂ ಕಂಬಿ.

ತೂಕವೊಂದೇ ಆಗಿದ್ದರೆ ಹಣದ ಜಗಳ ಮಾಡಿ ಮುಗಿಸುತ್ತಿದ್ದೆ. ನಮಗೆ ಮೊದಲು ಅನುಮಾನ ಬಂದದ್ದು ಬಾಗಿಸುವಾಗ. ಬಾರ್ ಬೆಂಡರ್ ಕೊಕ್ಕೆ ಮಾಡುತ್ತಿದ್ದಾಗ ಕೆಲವು ಕಂಬಿಗಳ ಬಾಗಿನ ಹೊರಮೈಯಲ್ಲಿ ಅಡ್ಡ ಬಿರುಕು ಕಾಣಿಸಿತು. ತೀರಾ ಬಿಗಿಯಾಗಿ ಬಾಗಿಸಿದ್ದಾರೆ ಎಂದು ನೀವು ಹೇಳಬಹುದು ಎಂದುಕೊಂಡೇ ನಿಯಮದ ಪ್ರಕಾರ ಮತ್ತೆ ಮಾಡಿಸಿದೆವು. 500ಡಿ ದರ್ಜೆಯ 12 ಎಂಎಂ ಕಂಬಿಯನ್ನು ಅದರ ಮೂರರಷ್ಟು, ಅಂದರೆ 36 ಎಂಎಂ ದಪ್ಪದ ಪಿನ್ನಿನ ಸುತ್ತ 180 ಡಿಗ್ರಿ ಬಾಗಿಸಿದರೂ ಹೊರಮೈ ಬಿರಿಯಬಾರದು. ಅದೇ ಪಿನ್, ಅದೇ ಬೆಂಡರ್. ಮೇಲಿನ ಬಂಡಲ್‌ನ ಕಂಬಿಗಳು ಏನೂ ಆಗದೆ ಬಾಗಿದವು. ಅಡಿಯ ಬಂಡಲ್‌ನವು ಬಿರಿದವು, ಅದರಲ್ಲಿ ಒಂದು ಕಂಬಿ ಮುರಿದು ಎರಡು ತುಂಡಾಯಿತು.

ಹೀಗೇಕೆ ಎಂದು ತಿಳಿಯಲು ಎರಡೂ ಬಗೆಯ ತುಂಡುಗಳನ್ನು ಲ್ಯಾಬಿಗೆ ಕೊಟ್ಟೆವು. ಗ್ಯಾಸಿನಲ್ಲಿ ಕತ್ತರಿಸಿದರೆ ಬಿಸಿಗೆ ಒಳಗಿನ ರಚನೆ ಕೆಡುತ್ತದೆ, ಹಾಗಾಗಿ ಹ್ಯಾಕ್ಸಾದಲ್ಲೇ ಕೊಯ್ದೆವು. ಕೊಯ್ದ ಮುಖವನ್ನು ಎಮರಿ ಪೇಪರಿನಲ್ಲಿ ನುಣುಪು ಮಾಡಿ, ಆಲ್ಕೋಹಾಲಿನಲ್ಲಿ ಬೆರೆಸಿದ ನೈಟ್ರಿಕ್ ಆಮ್ಲ ಸವರಿದರು. ಮೇಲಿನ ಬಂಡಲ್‌ನ ತುಂಡಿನಲ್ಲಿ ಅಂಚಿನ ಸುತ್ತ ಒಂದೇ ದಪ್ಪದ ಕಪ್ಪು ಉಂಗುರ, ನಡುವೆ ತಿಳಿ ಬೂದು ಬಣ್ಣ ಎದ್ದು ಕಂಡಿತು. ಟಿಎಂಟಿ ಅಂದರೆ ಇದೇ. ಕೆಂಪಗೆ ಕಾದ ಕಂಬಿ ಕೊನೆಯ ರೋಲರ್ ದಾಟಿದ ಕೂಡಲೇ ಜೋರು ನೀರಿನ ಪೆಟ್ಟಿಗೆಯ ಒಳಗೆ ಹಾಯುತ್ತದೆ. ಹೊರಮೈ ತಟ್ಟನೆ ಆರಿ ಗಡುಸಾಗುತ್ತದೆ, ಒಳಗೆ ಇನ್ನೂ ಬಿಸಿ ಇರುತ್ತದೆ. ಆ ಬಿಸಿ ಹೊರಗೆ ಬರುವಾಗ ಗಡುಸು ಪದರದ ಪೆಡಸುತನ ಇಳಿಯುತ್ತದೆ. ತಿರುಳು ನಿಧಾನವಾಗಿ ಆರಿ ಮೆತ್ತಗೆ ಉಳಿಯುತ್ತದೆ. ಬಲ ಹೊರಗಿನ ಉಂಗುರದಿಂದ, ಬಾಗುವ ಗುಣ ತಿರುಳಿನಿಂದ.

ಅಡಿಯ ಬಂಡಲ್‌ನ ಒಂದು ತುಂಡಿನಲ್ಲಿ ಉಂಗುರ ಒಂದು ಪಕ್ಕಕ್ಕೆ ಮಾತ್ರ ಇತ್ತು. ನೀರು ಸುತ್ತಲೂ ಸಮನಾಗಿ ಬಿದ್ದಿಲ್ಲ. ಇನ್ನೊಂದರಲ್ಲಿ ಉಂಗುರವೇ ಇರಲಿಲ್ಲ. ಹಾಗಾದರೆ ಬಲ ಎಲ್ಲಿಂದ ಬಂತು? ಕಾರ್ಬನ್‌ನಿಂದ. 500ಡಿಗೆ ಕಾರ್ಬನ್ ಶೇ. 0.25 ದಾಟಬಾರದು, ಇದರಲ್ಲಿ ಶೇ. 0.31 ಇದೆ. ರಂಜಕ ಶೇ. 0.040 ದಾಟಬಾರದು, ಇದರಲ್ಲಿ ಶೇ. 0.068. ಎರಡೂ ಕಬ್ಬಿಣವನ್ನು ಪೆಡಸು ಮಾಡುವಂಥವು. ಕೈಗೆ ಸಿಕ್ಕ ಗುಜರಿ ಕರಗಿಸಿ, ಶುದ್ಧ ಮಾಡದೆ ಎಳೆದ ಮಾಲಿನಲ್ಲಿ ಹೀಗೆ ಬರುತ್ತದೆ.

ಅದೇ ವರದಿಯಲ್ಲಿ ಈಲ್ಡ್ ಬಲ, ಅಂದರೆ ಕಂಬಿ ಮತ್ತೆ ಮೊದಲಿನಂತಾಗದ ಹಾಗೆ ಹಿಗ್ಗಲು ಶುರುವಾಗುವ ಎಳೆತ, 505 ಇದೆ, 500 ದಾಟಿದೆಯಲ್ಲ ಎಂದು ನಿಮ್ಮವರು ಬೊಟ್ಟು ಮಾಡಿದರು. ಮುಂದಿನ ಸಾಲನ್ನೂ ಓದಬೇಕಿತ್ತು. ತುಂಡಾಗುವ ಮೊದಲು ಕಂಬಿ ಶೇ. 16ರಷ್ಟಾದರೂ ಹಿಗ್ಗಬೇಕು, ಇದು ಶೇ. 9ಕ್ಕೇ ಮುರಿದಿದೆ. ಆ 505 ಕೂಡ ಒಂದು ಚದರ ಮಿಲಿಮೀಟರಿಗೆ ಇಷ್ಟು ನ್ಯೂಟನ್ ಎಂಬ ಲೆಕ್ಕ. ಇಂಜಿನಿಯರ್ ಪ್ಲಾನಿನಲ್ಲಿ ಒಂದು ಕಂಬಿಗೆ 113 ಚದರ ಮಿಲಿಮೀಟರ್ ಹಿಡಿದಿದ್ದಾರೆ, ಇದರಲ್ಲಿ ಇರುವುದು 104. ಗುಣಿಸಿ ನೋಡಿ, 5.8 ಟನ್ ಎಳೆತ ತಡೆಯಬೇಕಾದ ಕಂಬಿ 5.4 ಟನ್ನಿಗೇ ಸೋಲುತ್ತದೆ. ಇಂಥ ಕಂಬಿಯನ್ನು ಪಿಲ್ಲರಿಗೆ ಹಾಕುವುದಿಲ್ಲ ಎಂದು ಇಂಜಿನಿಯರ್ ಬರೆದುಕೊಟ್ಟಿದ್ದಾರೆ.

ಅಂದ ಹಾಗೆ, ನಾನು ತುಕ್ಕಿನ ಬಗ್ಗೆ ದೂರುತ್ತಿಲ್ಲ. ಮೇಲಿನ ಅಸಲಿ ಕಂಬಿಗಳ ಮೇಲೂ ತೆಳು ಕಂದು ತುಕ್ಕು ಇದೆ, ಅದರಿಂದ ತೊಂದರೆಯಿಲ್ಲ. ಪದರ ಪದರವಾಗಿ ಏಳುವ, ಕೆಳಗೆ ಗುಳಿ ಬೀಳುವ ತುಕ್ಕು ಮಾತ್ರ ತಕರಾರಿನ ವಿಷಯ. "ಸುಮ್ನೆ ತುಕ್ಕು ನೋಡಿ ಹೆದರಿದ್ದಾರೆ" ಎಂದು ನಿಮ್ಮ ಕಡತದಲ್ಲಿ ಬರೆದುಕೊಂಡಿದ್ದರೆ ದಯವಿಟ್ಟು ತಿದ್ದಿಕೊಳ್ಳಿ.

ನಾನು ಕೇಳುತ್ತಿರುವುದು ಇಷ್ಟು. ಈ ಪತ್ರ ತಲುಪಿದ 7 ದಿನದೊಳಗೆ 12 ಬಂಡಲ್‌ಗಳನ್ನು ನಿಮ್ಮ ಖರ್ಚಿನಲ್ಲಿ ವಾಪಸ್ ತೆಗೆದುಕೊಂಡು, ಒಪ್ಪಿಕೊಂಡ ಕಂಪನಿಯ ಮಾಲನ್ನೇ ಕೊಡಿ. ಪರೀಕ್ಷೆಗೆ ಕತ್ತರಿಸಿದ ಕಂಬಿಗಳೂ ಅದೇ ಲೆಕ್ಕಕ್ಕೆ ಸೇರಲಿ. ಲ್ಯಾಬಿನ ಖರ್ಚು ನಿಮ್ಮದು. ಹೊಸ ಮಾಲಿನ ಜೊತೆ ಮಿಲ್ಲಿನ ಟೆಸ್ಟ್ ಸರ್ಟಿಫಿಕೇಟ್ ಬರಬೇಕು, ಅದರಲ್ಲಿರುವ ಹೀಟ್ ನಂಬರ್, ಅಂದರೆ ಒಂದೇ ಸಲ ಕರಗಿಸಿದ ಉಕ್ಕಿಗೆ ಕೊಡುವ ನಂಬರ್, ಪ್ರತಿ ಬಂಡಲ್‌ನ ಟ್ಯಾಗಿನಲ್ಲೂ ಇರಬೇಕು. ಬೇರೆ ಹೀಟಿನ ಸರ್ಟಿಫಿಕೇಟ್ ಫೋಟೋಕಾಪಿ ತೋರಿಸಿದರೆ ಒಪ್ಪುವುದಿಲ್ಲ.

ಈ ಸಲ ಲಾರಿ ಬಂದಾಗ ಇಳಿಸುವ ಮೊದಲೇ ಅಡಿಯ ಸಾಲಿನ ಬಂಡಲ್‌ನಿಂದ ಕಂಬಿ ಎಳೆದು ಗುರುತು ನೋಡುತ್ತೇವೆ, ಒಂದು ಮೀಟರ್ ಕತ್ತರಿಸಿ ತೂಗುತ್ತೇವೆ, ಒಂದನ್ನು 36 ಎಂಎಂ ಪಿನ್ನಿಗೆ ಬಾಗಿಸುತ್ತೇವೆ. ಡ್ರೈವರ್ ಅಷ್ಟು ಹೊತ್ತು ಕಾಯಲು ಒಪ್ಪಬೇಕು, ಇದನ್ನು ಮೊದಲೇ ಹೇಳಿ ಕಳಿಸಿ. ಇದೆಲ್ಲ ಆದ ಮೇಲೇ ಚಲನ್‌ಗೆ ಸಹಿ.

7 ದಿನದಲ್ಲಿ ಉತ್ತರ ಬಾರದಿದ್ದರೆ ಐಎಸ್‌ಐ ಗುರುತಿನ ದುರ್ಬಳಕೆ ಎಂದು ಬಿಐಎಸ್‌ಗೂ, ದೋಷದ ಮಾಲು ಮಾರಿದ್ದಾರೆ ಎಂದು ಗ್ರಾಹಕರ ಆಯೋಗಕ್ಕೂ ದೂರು ಕೊಡುತ್ತೇನೆ. ಟ್ಯಾಗಿನ ಮೇಲೆ ಹೆಸರಿರುವ ಕಂಪನಿಗೂ ಫೋಟೋಗಳ ಸಮೇತ ಬರೆಯುತ್ತೇನೆ, ತಮ್ಮ ಟ್ಯಾಗ್ ಯಾರ ಕಂಬಿಗೆ ಕಟ್ಟಿದ್ದಾರೆ ಎಂಬುದು ಅವರಿಗೂ ಗೊತ್ತಾಗಬೇಕಲ್ಲ.

ಇನ್‌ವಾಯ್ಸ್, ವೇ ಬ್ರಿಜ್ ಚೀಟಿ, ಲ್ಯಾಬ್ ವರದಿ ಮತ್ತು ಇಂಜಿನಿಯರ್ ಪತ್ರದ ನಕಲುಗಳು ಇದರ ಜೊತೆಗಿವೆ. 12 ಬಂಡಲ್‌ಗಳನ್ನು ಟ್ಯಾಗ್ ಬಿಚ್ಚದೆ ಸೈಟಿನಲ್ಲಿ ಬೇರೆಯಾಗಿ ಇಟ್ಟಿದ್ದೇವೆ. ಬಿರುಕು ಬಿಟ್ಟ ತುಂಡುಗಳೂ ಅಲ್ಲೇ ಇವೆ. ನಿಮ್ಮವರು ಯಾವಾಗ ಬೇಕಾದರೂ ಬಂದು ನೋಡಬಹುದು.

ಇಂತಿ,
ನಿಮ್ಮ ಗ್ರಾಹಕ