ನಲವತ್ತಾರಕ್ಕೆ ಎಲ್ಲರಿಗೂ ಹೀಗೇ ಆಗುತ್ತಾ?

ಪ್ರೀತಿಯ ಮಂಜು,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಕೆಲಸ ಇದೆ, ಮನೆ ಆಯ್ತು, ಮಗಳು ಚೆನ್ನಾಗಿ ಓದ್ತಿದ್ದಾಳೆ, ಆದ್ರೂ ಬೆಳಗ್ಗೆ ಏಳೋಕೆ ಮನಸ್ಸೇ ಬರಲ್ಲ. ಇದೇನಾ ಮಾರಾಯ ಮಿಡ್‌ಲೈಫ್ ಕ್ರೈಸಿಸ್ ಅಂದ್ರೆ?" ಅಂತ. ಎರಡು ಮಾತಿನಲ್ಲಿ ಮುಗಿಸೋ ವಿಷಯ ಅಲ್ಲ ಅದು, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಬ್ಯಾಚಿನ ಇನ್ನೂ ಕೆಲವರು ಇದನ್ನೇ ಕೇಳಿದ್ದಾರೆ. ನೀನೂ ಒಪ್ಪಿದ್ದರಿಂದ ಎಲ್ಲರೂ ಓದುವ ಹಾಗೆ ಇಲ್ಲೇ ಹಾಕುತ್ತಿದ್ದೇನೆ.

ಸಮೀಕ್ಷೆಗಳ ಲೆಕ್ಕದಲ್ಲೇ ಹೊಟ್ಟೆ ಹೊರೆಯುವವನು ನಾನು. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ನಲವತ್ತು ದಾಟಿದ ತಕ್ಷಣ ವಯಸ್ಸೊಂದೇ ಕಾರಣವಾಗಿ ಮನಸ್ಸು ಕುಸಿಯುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಕೆಲವು ದೇಶಗಳಲ್ಲಿ ನಡುವಯಸ್ಸಿನವರ ಸಮಾಧಾನ ಸರಾಸರಿಯಲ್ಲಿ ಸ್ವಲ್ಪ ತಗ್ಗುವುದು ಕಂಡಿದೆ, ಅದು ನಿಜ. ಆದರೆ ಸರಾಸರಿಯ ಆ ಸಣ್ಣ ತಗ್ಗೇ ಬೇರೆ, ನೀನು ಹೇಳುತ್ತಿರುವ ಸಂಕಟವೇ ಬೇರೆ.

ಮಿಡ್‌ಲೈಫ್ ಕ್ರೈಸಿಸ್, ಅಂದರೆ ನಡುವಯಸ್ಸಿನ ಸಂಕಟ ಅನ್ನುವ ಮಾತು ಹುಟ್ಟಿದ್ದು ಲಂಡನ್ನಿನಲ್ಲಿ. ಎಲಿಯಟ್ ಜಾಕ್ಸ್ ಎಂಬ ಮನೋವಿಶ್ಲೇಷಕ 1957ರಲ್ಲಿ ತನ್ನ ಸಹೋದ್ಯೋಗಿಗಳ ಮುಂದೆ ಒಂದು ಪ್ರಬಂಧ ಓದಿದ. ಅದು ಅಚ್ಚಾಗಿದ್ದು 1965ರಲ್ಲಿ. ಅವನ ಸಾಕ್ಷಿ ಬಹುಪಾಲು ಹೆಸರಾಂತ ಕಲಾವಿದರು, ಸಂಗೀತಗಾರರ ಜೀವನ. ಜೊತೆಗೆ ಒಬ್ಬ ರೋಗಿಯ ಮಾತು: ಇಲ್ಲಿಯವರೆಗೆ ಬದುಕು ಏರುತ್ತಲೇ ಇತ್ತು, ಈಗ ಗುಡ್ಡದ ತುದಿ ಮುಟ್ಟಿದ್ದೇನೆ, ಮುಂದಿರುವುದು ಇಳಿಜಾರು, ದಾರಿಯ ಕೊನೆಯೂ ಕಾಣುತ್ತಿದೆ ಅಂತ. ಮನಸ್ಸಿಗೆ ನಾಟುವ ಮಾತು, ಅನುಮಾನವೇ ಇಲ್ಲ. ಆದರೆ ಅದರಿಂದ ಎಲ್ಲರ ಬದುಕಿಗೂ ನಿಯಮ ಮಾಡಲು ಬರುವುದಿಲ್ಲ. ಆಮೇಲೆ ಅಮೆರಿಕದ ಡೇನಿಯಲ್ ಲೆವಿನ್ಸನ್ 35ರಿಂದ 45ರ ನಡುವಿನ 40 ಗಂಡಸರನ್ನು ಕೂರಿಸಿಕೊಂಡು ಮಾತಾಡಿಸಿದ. ಅವರಲ್ಲಿ ಶೇಕಡ 80 ಮಂದಿಗೆ ನಡುವಯಸ್ಸು ದೊಡ್ಡ ಹೊಯ್ದಾಟದ ಕಾಲವಾಗಿತ್ತು ಅಂತ 1978ರಲ್ಲಿ ಬರೆದ. ಆ 40 ಜನರಲ್ಲಿ ಒಬ್ಬ ಹೆಂಗಸೂ ಇಲ್ಲ. ಆದರೂ ಆ ಶೇಕಡ 80 ಜಗತ್ತೆಲ್ಲ ಸುತ್ತಿತು.

ದೊಡ್ಡ ಪ್ರಮಾಣದಲ್ಲಿ ಕೇಳಿ ನೋಡಿದ್ದು 1995ರಲ್ಲಿ. ಮಿಡಸ್ ಎಂಬ ಅಧ್ಯಯನ ಅಮೆರಿಕದಲ್ಲಿ 25ರಿಂದ 74 ವಯಸ್ಸಿನ 7,000ಕ್ಕೂ ಹೆಚ್ಚು ಜನರಿಂದ ಶುರುವಾಯಿತು. ಅವರಲ್ಲಿ 700ಕ್ಕೂ ಹೆಚ್ಚು ಜನರನ್ನು ಎಲೈನ್ ವೆದಿಂಗ್ಟನ್ ಎಂಬ ಸಮಾಜಶಾಸ್ತ್ರಜ್ಞೆಯ ತಂಡ ಮತ್ತೆ ಮಾತಾಡಿಸಿತು. "ನಿಮಗೆ ಮಿಡ್‌ಲೈಫ್ ಕ್ರೈಸಿಸ್ ಆಗಿದೆಯಾ?" ಅಂತ ನೇರವಾಗಿ ಕೇಳಿದರು. ಶೇಕಡ 26ರಷ್ಟು ಮಂದಿ ಹೌದು ಅಂದರು. ಇಷ್ಟಕ್ಕೇ ನಿಲ್ಲಿಸಿದ್ದರೆ ನಾಲ್ಕರಲ್ಲಿ ಒಬ್ಬರಿಗೆ ಅಂತ ಸುದ್ದಿಯಾಗುತ್ತಿತ್ತು. ಆಕೆ ನಿಲ್ಲಿಸಲಿಲ್ಲ. ಯಾವಾಗ ಆಯಿತು, ಆಗ ಏನು ನಡೆದಿತ್ತು ಅಂತ ಬಿಡಿಸಿ ಕೇಳಿದರು. ಆಗ ನಿಜವಾದ ಚಿತ್ರ ಬಂತು. ಹಲವರು ಹೇಳಿದ ಕಷ್ಟ ನಲವತ್ತಕ್ಕೆ ಮುಂಚೆಯೋ ಐವತ್ತರ ನಂತರವೋ ಆದದ್ದು. ಇನ್ನೂ ಹಲವರದ್ದು ವಿಚ್ಛೇದನ, ಕೆಲಸ ಹೋಗಿದ್ದು, ಅಪ್ಪನೋ ಅಮ್ಮನೋ ತೀರಿಕೊಂಡಿದ್ದು, ಇಂಥ ಘಟನೆಗಳು. ಇವು ಯಾವ ವಯಸ್ಸಿನಲ್ಲಿ ಬಂದರೂ ಮನುಷ್ಯನನ್ನು ಅಲ್ಲಾಡಿಸುತ್ತವೆ, ಅಲ್ವಾ? ವಯಸ್ಸಾಗುತ್ತಿದೆ ಎಂಬ ಅರಿವೇ ಹುಟ್ಟಿಸಿದ ಸಂಕಟ ಅನ್ನಬಹುದಾದದ್ದು ಒಂದು ಸಣ್ಣ ಪಾಲು ಮಾತ್ರ.

ಇನ್ನು ನೀನು ಓದಿದೆ ಅಂದ ಆ "ಯು" ಆಕಾರದ ಗೆರೆ. ಇಪ್ಪತ್ತರಲ್ಲಿ ಸಂತೋಷ ಜಾಸ್ತಿ, ನಲವತ್ತರ ದಶಕದಲ್ಲಿ ತಳ, ಅರವತ್ತರ ಹೊತ್ತಿಗೆ ಮತ್ತೆ ಮೇಲೆ. ಡೇವಿಡ್ ಬ್ಲಾಂಚ್‌ಫ್ಲವರ್ ಮತ್ತು ಆಂಡ್ರ್ಯೂ ಓಸ್ವಾಲ್ಡ್ 2008ರಲ್ಲಿ ಹತ್ತಾರು ದೇಶಗಳ ಸಮೀಕ್ಷೆಗಳಿಂದ ಇದನ್ನು ತೋರಿಸಿದರು. ಇದರಲ್ಲಿರುವ ಒಂದು ತೊಡಕನ್ನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮ ವಾದವೆಲ್ಲ ನಿಂತಿರುವುದು ಅದರ ಮೇಲೆ.

2005ರಲ್ಲಿ ಒಂದು ಊರಿಗೆ ಹೋಗಿ ಎಲ್ಲರನ್ನೂ ಒಂದೇ ಸಲ ಕೇಳಿದೆವು ಅಂದುಕೋ. ಆಗ 25 ವಯಸ್ಸಿನವನು ಹುಟ್ಟಿದ್ದು 1980ರಲ್ಲಿ, 45ರವನು 1960ರಲ್ಲಿ, 70ರವನು 1935ರಲ್ಲಿ. ಇವರು ಮೂರು ವಯಸ್ಸಿನವರು ಮಾತ್ರ ಅಲ್ಲ, ಮೂರು ಬೇರೆ ಬೇರೆ ತಲೆಮಾರಿನವರು. ಅವರು ಓದಿದ್ದು ಬೇರೆ, ಕೆಲಸ ಸಿಕ್ಕ ಕಾಲ ಬೇರೆ, ಹೊಟ್ಟೆ ತುಂಬಿದ ರೀತಿ ಬೇರೆ. 45ರವನು ತನ್ನ ಸಮಾಧಾನಕ್ಕೆ ಕಡಿಮೆ ಅಂಕ ಕೊಟ್ಟರೆ ಅದು ಅವನ ವಯಸ್ಸಿನ ಕಾರಣಕ್ಕೋ, 1960ರಲ್ಲಿ ಹುಟ್ಟಿದ ಕಾರಣಕ್ಕೋ? ಒಂದೇ ಸಲದ ಸಮೀಕ್ಷೆಯಿಂದ ಅದನ್ನು ಬೇರ್ಪಡಿಸಲು ಆಗುವುದಿಲ್ಲ. ಹಲವು ವರ್ಷಗಳ ಸಮೀಕ್ಷೆ ಸೇರಿಸಿದರೂ ಒಂದಿಷ್ಟು ಊಹೆ ಉಳಿದೇ ಉಳಿಯುತ್ತದೆ.

ಅದಕ್ಕೇ ಅದೇ ಮನುಷ್ಯನನ್ನು ವರ್ಷ ವರ್ಷ ಕೇಳುವ ಅಧ್ಯಯನ ಬೇಕು. ಜರ್ಮನಿಯಲ್ಲಿ 1984ರಿಂದ ಇಂಥದ್ದೊಂದು ನಡೆಯುತ್ತಿದೆ. ಪ್ರತಿ ವರ್ಷ ಅದೇ ಮನೆಗಳಿಗೆ ಹೋಗಿ, "ಒಟ್ಟಾರೆ ನಿಮ್ಮ ಬದುಕಿನ ಬಗ್ಗೆ ಎಷ್ಟು ಸಮಾಧಾನ ಇದೆ? ಸೊನ್ನೆಯಿಂದ ಹತ್ತರೊಳಗೆ ಹೇಳಿ" ಅಂತ ಕೇಳುತ್ತಾರೆ. ಬ್ರಿಟನ್ನಿನಲ್ಲಿ 1991ರಿಂದ, ಆಸ್ಟ್ರೇಲಿಯಾದಲ್ಲಿ 2001ರಿಂದ ಅಂಥದ್ದೇ ಅಧ್ಯಯನಗಳಿವೆ.

ಇಷ್ಟು ಒಳ್ಳೆ ಮಾಹಿತಿ ಇದ್ದೂ ಒಮ್ಮತ ಬಂದಿಲ್ಲ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಮೂರೂ ದೇಶಗಳ ಮಾಹಿತಿ ಇಟ್ಟುಕೊಂಡು, ಒಬ್ಬೊಬ್ಬರ ಅಂಕವೂ ನಲವತ್ತರ ಆಚೀಚೆಯವರೆಗೆ ಇಳಿದು ಆಮೇಲೆ ಏರುತ್ತದೆ ಅಂತ ತೋರಿಸಿತು. ಓಸ್ವಾಲ್ಡ್ ಅದರಲ್ಲೂ ಇದ್ದರು. ಕೆನಡಾದ ಎಡ್ಮಂಟನ್‌ನಲ್ಲಿ ಹೈಸ್ಕೂಲು ಮುಗಿಸುತ್ತಿದ್ದ ಹುಡುಗ ಹುಡುಗಿಯರನ್ನು 18ರಿಂದ 43ರವರೆಗೆ ಹಿಂಬಾಲಿಸಿದವರಿಗೆ ಸಿಕ್ಕಿದ್ದು ಇದಕ್ಕೆ ವಿರುದ್ಧ. ಅವರ ಸಂತೋಷ ಮೂವತ್ತರ ದಶಕದವರೆಗೂ ಏರಿತ್ತು. 43ರ ಹೊತ್ತಿಗೆ ಒಂಚೂರು ಇಳಿದರೂ 18ರಲ್ಲಿ ಇದ್ದದ್ದಕ್ಕಿಂತ ಮೇಲೇ ಇತ್ತು. ಹದಿನೆಂಟು ಇಪ್ಪತ್ತರಲ್ಲಿ ನಮಗಿದ್ದ ಭಯ ನೆನಪಿದೆಯಲ್ಲ ನಿನಗೆ? ನನಗೆ ಆ ಫಲಿತಾಂಶ ಆಶ್ಚರ್ಯ ಅನ್ನಿಸಲಿಲ್ಲ.

ಜರ್ಮನಿಯ ಮಾಹಿತಿಯಲ್ಲೇ ಇನ್ನೊಂದು ಸೂಕ್ಷ್ಮ ಇದೆ. ಮೊದಲ ಸಲ ಕೇಳಿದಾಗ ಜನ ಸ್ವಲ್ಪ ಹೆಚ್ಚು ಅಂಕ ಕೊಡುತ್ತಾರೆ. ವರ್ಷಗಳು ಕಳೆದು ಅದೇ ಪ್ರಶ್ನೆ ಹಳತಾದಂತೆ ಅಂಕ ಇಳಿಯುತ್ತದೆ. ಅದೇ ಜನರನ್ನು ಹಿಂಬಾಲಿಸಿದರೆ ವಯಸ್ಸೂ ಹೆಚ್ಚುತ್ತದೆ, ಕೇಳಿದ ಸಲಗಳೂ ಹೆಚ್ಚುತ್ತವೆ. ಹಾಗಾಗಿ ಪ್ರಶ್ನೆ ಹಳತಾಗಿ ಆದ ಇಳಿಕೆಯನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುವ ಅಪಾಯ ಇದೆ. ಪೌಲ್ ಫ್ರೈಟರ್ಸ್ ಮತ್ತು ಟೋನಿ ಬೀಟನ್ 2012ರಲ್ಲಿ ಇಂಥವನ್ನೆಲ್ಲ ಕಳೆದು ನೋಡಿದರು. ಇಪ್ಪತ್ತರಿಂದ ಅರವತ್ತರವರೆಗೆ ಹೇಳಿಕೊಳ್ಳುವಂಥ ತಗ್ಗೇ ಉಳಿಯಲಿಲ್ಲ. ತಗ್ಗು ಇದೆ ಅನ್ನುವವರ ಲೆಕ್ಕದಲ್ಲೂ ಸಾಮಾನ್ಯವಾಗಿ ಅದು ಹತ್ತು ಅಂಕದಲ್ಲಿ ಒಂದಕ್ಕಿಂತ ಕಡಿಮೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಹಾನೆಸ್ ಶ್ವಾಂಟ್ 2016ರಲ್ಲಿ ಪ್ರಕಟಿಸಿದ ಕೆಲಸ. ಜರ್ಮನಿಯ ಅದೇ ಅಧ್ಯಯನದಲ್ಲಿ ಕೆಲವು ವರ್ಷ ಇನ್ನೊಂದು ಪ್ರಶ್ನೆಯೂ ಇತ್ತು: "ಇನ್ನು ಐದು ವರ್ಷಕ್ಕೆ ನಿಮ್ಮ ಸಮಾಧಾನ ಎಷ್ಟಿರುತ್ತೆ ಅಂದುಕೊಂಡಿದ್ದೀರಿ?" ಐದು ವರ್ಷ ಬಿಟ್ಟು ಅದೇ ಜನ ಕೊಟ್ಟ ಅಂಕವೂ ಕೈಯಲ್ಲಿತ್ತು. ಶ್ವಾಂಟ್ ಎರಡನ್ನೂ ಪಕ್ಕಪಕ್ಕ ಇಟ್ಟರು. ಎಳೆಯರು ಅಂದುಕೊಂಡದ್ದು ಜಾಸ್ತಿ, ಸಿಕ್ಕಿದ್ದು ಕಡಿಮೆ. ವಯಸ್ಸಾದವರು ಅಂದುಕೊಂಡದ್ದು ಕಡಿಮೆ, ಸಿಕ್ಕಿದ್ದು ಜಾಸ್ತಿ. ನಡುವಯಸ್ಸಿನವರು ಸಿಕ್ಕಿಬೀಳುವುದು ಇವೆರಡರ ಮಧ್ಯೆ. ಹಿಂದೆ ಅಂದುಕೊಂಡದ್ದು ಆಗಿಲ್ಲ ಎಂಬ ಕೊರಗು ಒಂದು ಕಡೆ, ಮುಂದೆಯೂ ಆಗಲಿಕ್ಕಿಲ್ಲ ಅಂತ ಆಸೆ ಇಳಿಯುತ್ತಿರುವುದು ಇನ್ನೊಂದು ಕಡೆ. ಎಲ್ಲ ಸರಿ ಇದ್ದವರಿಗೂ ಇದು ತಪ್ಪುವುದಿಲ್ಲ. "ಏನು ಕಮ್ಮಿ ಇದೆ ನಿನಗೆ?" ಅಂತ ಮನೆಯವರು ಕೇಳಿದಾಗ ನಿನಗೆ ಉತ್ತರ ಸಿಗದೇ ಇದ್ದದ್ದಕ್ಕೆ ಇದೂ ಒಂದು ಕಾರಣ ಇರಬಹುದು.

ಇದು ಯಾವತ್ತೂ ಹೀಗೇ ಇರುತ್ತದೆ ಅಂತಲೂ ಅಲ್ಲ. ಅದೇ ಬ್ಲಾಂಚ್‌ಫ್ಲವರ್ 2025ರಲ್ಲಿ ಸಹೋದ್ಯೋಗಿಗಳ ಜೊತೆ ಬರೆದಿದ್ದಾರೆ: ಈಗ ಹಲವು ದೇಶಗಳಲ್ಲಿ ಎಳೆಯರ ಮನಸ್ಸಿನ ಸ್ಥಿತಿ ಎಷ್ಟು ಹದಗೆಟ್ಟಿದೆಯೆಂದರೆ, ನೋವು ನಡುವಯಸ್ಸಿನಲ್ಲೇ ಹೆಚ್ಚು ಅನ್ನುವ ಹಳೆಯ ಚಿತ್ರ ಅಳಿಸಿಹೋಗಿದೆ. ಕೆಲವೇ ವರ್ಷಗಳಲ್ಲಿ ಹೀಗೆ ಬದಲಾಗುವುದಾದರೆ ಅದನ್ನು ವಯಸ್ಸಿನ ಸಹಜ ನಿಯಮ ಅನ್ನುವುದು ಕಷ್ಟ. ನಮ್ಮ ದೇಶದ್ದು ಏನು ಅಂತ ಕೇಳುತ್ತೀಯ. ಇಲ್ಲಿ ಲಾಸಿ ಎಂಬ ದೊಡ್ಡ ಅಧ್ಯಯನ ಇದೆ. ಅದರ ಮೊದಲ ಸುತ್ತು 2017-18ರಲ್ಲಿ ನಡೆಯಿತು, ಸುಮಾರು 72,000 ಜನ, ಕರ್ನಾಟಕದವರೂ ಇದ್ದಾರೆ. ಆದರೆ ಅದು ವೃದ್ಧಾಪ್ಯದ ಅಧ್ಯಯನ, ಶುರುವಾಗುವುದೇ 45 ವಯಸ್ಸಿನಿಂದ. ಇಪ್ಪತ್ತು ಮೂವತ್ತರಲ್ಲಿ ಅವರು ಹೇಗಿದ್ದರು ಅನ್ನುವುದು ಅದರಲ್ಲಿ ಸಿಗದು.

ಈಗ ನಿನ್ನ ವಿಷಯ. ವೆದಿಂಗ್ಟನ್ ಕೇಳಿದ ಹಾಗೇ ಕೇಳುತ್ತೇನೆ. ಯಾವಾಗಿನಿಂದ? ದೀಪಾವಳಿಯ ನಂತರ ಅಂದೆ. ಆಗ ಏನಾಗಿತ್ತು? ಅಪ್ಪಾಜಿಗೆ ಸ್ಟ್ರೋಕ್ ಆಗಿ ಒಂದು ಕೈ ಬಿದ್ದುಹೋಗಿತ್ತು. ಆಫೀಸಿನಲ್ಲಿ ನಿನ್ನ ಕೆಳಗಿದ್ದವನಿಗೆ ಬಡ್ತಿ ಬಂದಿದ್ದೂ ಅದೇ ಸಮಯದಲ್ಲಿ. ರಾತ್ರಿ ಎರಡು ಸಲ ಎದ್ದು ಅಪ್ಪಾಜಿಯನ್ನು ಬಾತ್‌ರೂಮಿಗೆ ಕರೆದುಕೊಂಡು ಹೋಗಿ, ಬೆಳಗ್ಗೆ ಎಂಟಕ್ಕೆ ಬಸ್ ಹಿಡಿಯುವವನು ನೀನು. ಇದಕ್ಕೆ ನಲವತ್ತಾರು ಅಂತ ಹೆಸರಿಡಬೇಡ ಮಂಜು. ಮೂವತ್ತರವನಿಗೆ ಇದೇ ಬಂದಿದ್ದರೂ ಅವನೂ ಬಳಲುತ್ತಿದ್ದ. ರಾತ್ರಿಗೆ ಒಬ್ಬರು ಹೋಮ್ ನರ್ಸ್ ಇಟ್ಟುಕೊಳ್ಳುವುದು ಅಥವಾ ಅಣ್ಣನ ಜೊತೆ ವಾರ ಹಂಚಿಕೊಳ್ಳುವುದು, ಇವೆರಡರಲ್ಲಿ ಒಂದು ಮೊದಲು ಆಗಬೇಕು. ಕೆಲಸ ಬಿಡುವ ಮಾತು ಆಮೇಲೆ.

ಇನ್ನೊಂದು ಮಾತನ್ನು ನೇರವಾಗಿ ಹೇಳುತ್ತೇನೆ. ಎರಡು ವಾರಕ್ಕೂ ಮೀರಿ ದಿನದ ಬಹುಪಾಲು ಬೇಸರ, ಇಷ್ಟದ ಕೆಲಸವೂ ಬೇಡ ಅನ್ನಿಸುವುದು, ನಿದ್ದೆ ಮತ್ತು ಊಟ ಏರುಪೇರಾಗುವುದು, ತಾನು ಯಾವುದಕ್ಕೂ ಲಾಯಕ್ಕಿಲ್ಲ ಅನ್ನಿಸುವುದು, ಇವು ಜೊತೆಯಾಗಿದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. "ವಯಸ್ಸು ಕಣೋ, ಐವತ್ತಾದ್ರೆ ತಾನೇ ಸರಿಹೋಗುತ್ತೆ" ಅಂತ ಸುಮ್ನೆ ಕೂತರೆ ಆ ಚಿಕಿತ್ಸೆ ತಪ್ಪಿಹೋಗುತ್ತದೆ. ಮಿಡ್‌ಲೈಫ್ ಕ್ರೈಸಿಸ್ ಅನ್ನುವ ಮಾತಿನ ಮೇಲೆ ನನಗೆ ಕೋಪ ಇರುವುದೂ ಇದಕ್ಕೇ. ಥೈರಾಯ್ಡ್ ಕಡಿಮೆಯಾದರೂ, ಬಿ12 ಕಡಿಮೆಯಾದರೂ ಸುಸ್ತು, ಬೇಸರ ಬರಬಹುದು. ರಕ್ತ ಕೊಟ್ಟು ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ರಾತ್ರಿ ತಡೆಯಲಾರದಷ್ಟು ಕಷ್ಟ ಅನ್ನಿಸಿದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡು. ಸರ್ಕಾರದ ಸಹಾಯವಾಣಿ ಅದು, ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು. ನನಗೂ ಮಾಡು, ಎಷ್ಟು ಹೊತ್ತಾದರೂ ಸರಿ.

ಶನಿವಾರ ಶಿವಮೊಗ್ಗಕ್ಕೆ ಬರುತ್ತಿದ್ದೇನೆ. ಅಷ್ಟರೊಳಗೆ ಡಾಕ್ಟರ ಅಪಾಯಿಂಟ್‌ಮೆಂಟ್ ತಗೊಂಡಿರು, ಇಬ್ಬರೂ ಹೋಗೋಣ. ಅಣ್ಣನ ಹತ್ತಿರ ಮಾತಾಡುವುದು ನಿನಗೆ ಕಷ್ಟ ಆದರೆ ನಾನೇ ಮಾತಾಡುತ್ತೇನೆ. ಅಪ್ಪಾಜಿಗೆ ನನ್ನ ನಮಸ್ಕಾರ ಹೇಳು.

ನಿನ್ನ,
ರಾಘು