ದರ ನೋಡಬೇಡ, ದಿನ ಎಣಿಸು

ಪ್ರೀತಿಯ ಸುಮಾ,

ನಿನ್ನ ಕಾಗದ ಬಂತು. ಬ್ಯಾಂಕಿನವರು ಅಂಗಡಿಯ ದಿನನಿತ್ಯದ ವಹಿವಾಟಿಗೆ 6 ಲಕ್ಷ ವರ್ಕಿಂಗ್ ಕ್ಯಾಪಿಟಲ್ ಸಾಲ ಶೇ 12ರ ಬಡ್ಡಿಗೆ, ಇಲ್ಲವೇ ಅಷ್ಟೇ ಮಿತಿಯ ಓವರ್‌ಡ್ರಾಫ್ಟ್, ಅಂದರೆ ಬೇಕಾದಾಗ ತೆಗೆದು ಹಣ ಬಂದಾಗ ಕಟ್ಟೋ ಖಾತೆ, ಶೇ 14ಕ್ಕೆ ಅಂದಿದ್ದಾರೆ. "ಸಾಲವೇ ಅಗ್ಗ ಅಲ್ವಾ ಮಾವ?" ಅಂತ ಕೇಳಿದ್ದೀಯ. ದುಡ್ಡು ಎಷ್ಟು ದಿನ ಬೇಕು ಅನ್ನೋದು ಗೊತ್ತಾಗದೆ ಅದನ್ನು ಹೇಳೋಕಾಗಲ್ಲ.

ನೀನೇ ಬರೆದ ಹಾಗೆ, ಸೀಸನ್‌ಗೆ ಮುಂಚೆ ಸರಕು ತುಂಬಿಸಲು 6 ಲಕ್ಷ ಬೇಕು. ನಾಲ್ಕು ತಿಂಗಳಲ್ಲಿ ಮಾರಿದ ಹಣ ವಾಪಸ್ ಬರುತ್ತೆ. ಓವರ್‌ಡ್ರಾಫ್ಟ್ ಆದರೆ ಬಡ್ಡಿ ಆ ನಾಲ್ಕು ತಿಂಗಳಿಗೆ ಮಾತ್ರ, ಸುಮಾರು 28,000. ಸಾಲವನ್ನು ಹನ್ನೆರಡು ಕಂತಿನಲ್ಲಿ ತೀರಿಸಿದರೆ ಬಡ್ಡಿ ಸುಮಾರು 39,700. ಅದಕ್ಕಿಂತ ದೊಡ್ಡ ತೊಂದರೆ ಕಂತಿನದು. ತಿಂಗಳಿಗೆ 53,300ರಷ್ಟು. ವ್ಯಾಪಾರ ಬಿದ್ದ ತಿಂಗಳಲ್ಲೂ ಕಂತು ಕಟ್ಟಲೇಬೇಕು. ಹಾಗಂತ ಓವರ್‌ಡ್ರಾಫ್ಟ್‌ಗೆ ಶುಲ್ಕ ಇಲ್ಲ ಅಂದ್ಕೋಬೇಡ. ಪ್ರತಿ ವರ್ಷ ನವೀಕರಣದ ಶುಲ್ಕ ಇರಬಹುದು, ಬಳಸದೆ ಬಿಟ್ಟ ಮಿತಿಗೂ ಕೆಲವರು ಹಾಕುತ್ತಾರೆ. ಮೊದಲೇ ಕೇಳು.

ಓವರ್‌ಡ್ರಾಫ್ಟ್‌ನಲ್ಲಿ ಬಡ್ಡಿ ಲೆಕ್ಕ ದಿನದ ಕೊನೆಯ ಬಾಕಿ ಮೇಲೆ. ಬಂದ ಹಣವನ್ನು ಬೇರೆ ಖಾತೆಯಲ್ಲಿ ಸುಮ್ನೆ ಇಡಬೇಡ, ಇದಕ್ಕೇ ಕಟ್ಟು. 3 ಲಕ್ಷ ಹತ್ತು ದಿನ ಇಲ್ಲಿ ನಿಂತರೂ 1,150ರಷ್ಟು ಬಡ್ಡಿ ಉಳಿಯುತ್ತೆ. ಸರಕಿನವರಿಗೆ ಕೊಡೋ ದಿನ ಬಂದಾಗ ಮತ್ತೆ ತೆಗೆದುಕೊಳ್ಳಬಹುದು.

ನಾನು ಎಡವಿದ್ದು ಹೇಳ್ತೀನಿ. ಒಂದು ವರ್ಷ ಓವರ್‌ಡ್ರಾಫ್ಟ್ ಹಣದಲ್ಲಿ ಅಂಗಡಿಗೆ ಕಪಾಟು ಹಾಕಿಸಿದೆ. ಸರಕು ಮಾರಿದರೆ ಹಣ ಬರುತ್ತೆ, ಕಪಾಟಿನಿಂದ ಏನು ಬರುತ್ತೆ? ಬಾಕಿ ಮಿತಿಯ ಹತ್ತಿರವೇ ಅಂಟಿಕೊಂಡು ಕೂತಿತು. ಬರೀ ಬಡ್ಡಿ ಕಟ್ಟುತ್ತಿದ್ದೆ, ಅಸಲು ಅಲ್ಲಾಡಲಿಲ್ಲ. ನವೀಕರಣದ ಹೊತ್ತಿಗೆ ಬ್ಯಾಂಕಿನವರು ಸ್ಟೇಟ್‌ಮೆಂಟ್ ನೋಡಿ ಮಿತಿ ಇಳಿಸಿಬಿಟ್ಟರು. ಕೇಳಿದಾಗ ತೀರಿಸಬೇಕು ಅನ್ನೋ ಷರತ್ತು ಓವರ್‌ಡ್ರಾಫ್ಟ್‌ನಲ್ಲಿ ಸಾಮಾನ್ಯವಾಗಿ ಇರುತ್ತೆ. ನಾನು ಓದಿರಲಿಲ್ಲ.

ಅದಕ್ಕೇ ನೀನು ಕಳೆದ ವರ್ಷದ ಲೆಕ್ಕದ ಪುಸ್ತಕ ತೆಗೆ. ತಿಂಗಳಿಗೊಂದು ಸಾಲು ಬರಿ: ಕೈಯಲ್ಲಿದ್ದದ್ದು ಬಿಟ್ಟು ಇನ್ನೆಷ್ಟು ಬೇಕಾಗಿತ್ತು ಅಂತ. ಒಂದೆರಡು ತಿಂಗಳಾದರೂ ಕೊರತೆ ಸೊನ್ನೆಗೆ ಇಳಿದಿದ್ದರೆ ಪೂರ್ತಿ ಓವರ್‌ಡ್ರಾಫ್ಟ್ ಸಾಕು. ಅತಿ ಒಳ್ಳೆಯ ತಿಂಗಳಲ್ಲೂ 2 ಲಕ್ಷ ಕೊರತೆ ಇತ್ತು ಅಂದರೆ, ಆ 2 ಲಕ್ಷ ಬಂದು ಹೋಗೋ ಹಣವಲ್ಲ. ಅಷ್ಟನ್ನು ಕಂತಿನ ಸಾಲವಾಗಿ ತಗೋ, ಶೇ 12ರ ದರ ಅಲ್ಲಿ ನಿಜವಾಗಿ ಲಾಭ. ಸಾಧ್ಯವಾದರೆ ಎರಡು ಮೂರು ವರ್ಷದ ಅವಧಿ ಕೇಳು, ಕಂತು ಹಗುರಾಗುತ್ತೆ. ಮೇಲಿನ 4 ಲಕ್ಷಕ್ಕೆ ಓವರ್‌ಡ್ರಾಫ್ಟ್ ಇರಲಿ. ಎರಡನ್ನೂ ಒಟ್ಟಿಗೆ ಕೇಳೋದಕ್ಕೆ ಸಂಕೋಚ ಬೇಡ.

ಸಹಿ ಹಾಕುವ ಮುಂಚೆ ಆ ಹನ್ನೆರಡು ಸಾಲಿನ ಚೀಟಿ ನನಗೆ ಕಳಿಸು.

ನಿನ್ನ ಮಾವ