ಪ್ಯಾನ್ ನಿಷ್ಕ್ರಿಯ ಎಂಬ ಎಚ್ಚರಿಕೆ ಬಂದವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಆಧಾರ್ ಜೋಡಿಸಿದ ಮೇಲೂ ರಿಟರ್ನ್ ಸಲ್ಲಿಸುವಾಗ ಪ್ಯಾನ್ ನಿಷ್ಕ್ರಿಯ ಎಂಬ ಎಚ್ಚರಿಕೆ ಕಂಡ ಸದಸ್ಯರು ದಯವಿಟ್ಟು ಗಮನಿಸಬೇಕು.

ಮೊದಲು ಆದಾಯ ತೆರಿಗೆಯ ಇ-ಫೈಲಿಂಗ್ ಜಾಲತಾಣದಲ್ಲಿ ಲಾಗಿನ್ ಆಗದೆಯೇ Link Aadhaar Status ತೆರೆದು ನೋಡಿರಿ. 1,000 ರೂಪಾಯಿ ಶುಲ್ಕ ಕಟ್ಟಿದ ಮಾತ್ರಕ್ಕೆ ಜೋಡಣೆ ಆಗುವುದಿಲ್ಲ. ಹಣ ಜಮೆಯಾದ ಬಳಿಕ Link Aadhaar ಪುಟಕ್ಕೆ ಮರಳಿ ಕೋರಿಕೆಯನ್ನು ಪ್ರತ್ಯೇಕವಾಗಿ ಸಲ್ಲಿಸಬೇಕು, ಹೆಚ್ಚಿನವರು ಬಿಡುವುದು ಇದನ್ನೇ. ಉದಾಹರಣೆಗೆ, ಪ್ಯಾನ್‌ನಲ್ಲಿ ‘ಕೆ. ರಮೇಶ್’, ಆಧಾರ್‌ನಲ್ಲಿ ‘ರಮೇಶ್ ಕುಮಾರ್’ ಎಂದಿದ್ದರೆ ಕೋರಿಕೆ ತಿರಸ್ಕೃತವಾಗಬಹುದು. ಆಗ ಯಾವುದಾದರೂ ಒಂದು ದಾಖಲೆಯನ್ನು ತಿದ್ದಿಸಿ ಮತ್ತೆ ಸಲ್ಲಿಸಬೇಕು. ಜೋಡಣೆ ಆಗಿದ್ದರೂ ಪ್ಯಾನ್ ಸಕ್ರಿಯವಾಗಲು 30 ದಿನಗಳವರೆಗೆ ಹಿಡಿಯಬಹುದು.

ಕಾಯುತ್ತ ರಿಟರ್ನ್‌ನ ಕೊನೆಯ ದಿನ ತಪ್ಪಿಸಬೇಡಿ: ನಿಷ್ಕ್ರಿಯ ಪ್ಯಾನ್‌ನಲ್ಲೂ ಸಲ್ಲಿಸಬಹುದು, ಆದರೆ ಪ್ಯಾನ್ ಸಕ್ರಿಯವಾಗುವವರೆಗೆ ಮರುಪಾವತಿ ತಡೆಯಲ್ಲಿರುತ್ತದೆ.

ಪರದೆಯಲ್ಲಿ ಕಂಡ ಸಂದೇಶವನ್ನಷ್ಟೇ ಇಲ್ಲಿ ತಿಳಿಸಿ, ಪ್ಯಾನ್ ಅಥವಾ ಆಧಾರ್ ಸಂಖ್ಯೆಯನ್ನು ಗುಂಪಿನಲ್ಲಿ ಹಾಕಬೇಡಿ.